ನಾಲ್ಕು ಪುಟದ ಸಿವಿ ಎರಡಕ್ಕೆ ಇಳಿದ ಬಗೆ: ಒಂದು ಪ್ರಕರಣ ಅಧ್ಯಯನ

ಹಿನ್ನೆಲೆ

ಸಪ್ಲೈ ಚೈನ್ ಕೆಲಸದಲ್ಲಿ 21 ವರ್ಷ ಕಳೆದ ಹಿರಿಯ ಮ್ಯಾನೇಜರ್ ಒಬ್ಬರು ಬ್ರಿಟನ್ನಿನ ಮಧ್ಯಮ ಗಾತ್ರದ ಪ್ಯಾಕೇಜಿಂಗ್ ಕಂಪನಿಯೊಂದರಲ್ಲಿ ‘ಹೆಡ್ ಆಫ್ ಸಪ್ಲೈ ಚೈನ್’ ಹುದ್ದೆಗೆ ಅರ್ಜಿ ಹಾಕಬೇಕೆಂದಿದ್ದರು. ಸಿವಿ ಎರಡು ಪುಟ ಮೀರಬಾರದು ಎಂದು ಜಾಹೀರಾತಿನಲ್ಲೇ ಬರೆದಿತ್ತು. ಬ್ರಿಟನ್ನಿನಲ್ಲಿ ಅನುಭವಸ್ಥರ ಸಿವಿಗೆ ಎರಡು ಎ4 ಪುಟ ಎಂಬುದು ರೂಢಿಯೇ ಆಗಿರುವುದರಿಂದ ಅದರಲ್ಲಿ ವಿಶೇಷವೇನೂ ಇರಲಿಲ್ಲ. ಇವರ ಕೈಯಲ್ಲಿದ್ದದ್ದು ಮಾತ್ರ ನಾಲ್ಕು ಪುಟ, ಅದೂ ಸಣ್ಣ ಅಕ್ಷರದಲ್ಲಿ ಕಿಕ್ಕಿರಿದು ತುಂಬಿದ ನಾಲ್ಕು ಪುಟ. ಸಿವಿ ತಿದ್ದುವುದು ನನ್ನ ವೃತ್ತಿ, ಆ ನೆವದಲ್ಲಿ ನನ್ನ ಬಳಿ ಬಂದರು. ಅವರ ಗುರುತು ಸಿಗಬಾರದೆಂದು ಕೆಲವು ವಿವರಗಳನ್ನೂ ಅಂಕಿಗಳನ್ನೂ ಇಲ್ಲಿ ಬದಲಿಸಿದ್ದೇನೆ. ಯಾವುದನ್ನು ಉಳಿಸಿದೆವು, ಯಾವುದನ್ನು ಬಿಟ್ಟೆವು, ಯಾಕೆ ಎನ್ನುವುದು ನಡೆದ ಹಾಗೆಯೇ ಇದೆ.

ಆ ನಾಲ್ಕು ಪುಟಗಳಲ್ಲಿ ಏನಿತ್ತು ಎಂಬುದನ್ನು ಮೊದಲು ನೋಡಬೇಕು. ಮೇಲೆ ದೊಡ್ಡಕ್ಷರದಲ್ಲಿ ‘ಕರಿಕ್ಯುಲಮ್ ವಿಟೇ’ ಎಂಬ ಶೀರ್ಷಿಕೆ, ಪಕ್ಕದಲ್ಲಿ ಫೋಟೊ, ಮನೆಯ ಪೂರ್ಣ ವಿಳಾಸ. ಅದರ ಕೆಳಗೆ ಆರು ಸಾಲಿನ ‘ಕರಿಯರ್ ಆಬ್ಜೆಕ್ಟಿವ್’. ಸವಾಲಿನ ವಾತಾವರಣದಲ್ಲಿ ತನ್ನ ಕೌಶಲವನ್ನು ಸಂಸ್ಥೆಯ ಏಳಿಗೆಗೆ ಬಳಸುವ ಆಸೆ, ಎಲ್ಲರ ಸಿವಿಯಲ್ಲೂ ಇರುವಂಥದ್ದು. ಆಮೇಲೆ ಮೂರು ಕಾಲಮ್ಮುಗಳ ಕೌಶಲಪಟ್ಟಿ, ‘ಟೀಮ್ ಪ್ಲೇಯರ್’ನಿಂದ ಹಿಡಿದು ‘ವೆಂಡರ್ ಡೆವಲಪ್‌ಮೆಂಟ್’ವರೆಗೆ. ಎರಡನೆಯ ಪುಟ ಪೂರ್ತಿ ಈಗಿನ ಕೆಲಸ, 17 ಪಾಯಿಂಟುಗಳಲ್ಲಿ. ಮೂರನೆಯ ಪುಟದಲ್ಲಿ ಹಿಂದಿನ ಎರಡು ಕಂಪನಿಗಳು, ಅವಕ್ಕೂ ಹೆಚ್ಚುಕಡಿಮೆ ಅಷ್ಟೇ ಜಾಗ. ಕೊನೆಯ ಪುಟದಲ್ಲಿ ಮೊದಲ ಕೆಲಸ, ಹಾಜರಾದ ಪ್ರತಿಯೊಂದು ತರಬೇತಿಯ ಹೆಸರು, ಹತ್ತನೆಯ ತರಗತಿಯಿಂದ ಶುರುವಾಗುವ ಅಂಕಗಳ ಕೋಷ್ಟಕ, ತಂದೆಯ ಹೆಸರು, ಹುಟ್ಟಿದ ದಿನಾಂಕ, ವೈವಾಹಿಕ ಸ್ಥಿತಿ, ಪಾಸ್‌ಪೋರ್ಟ್ ಸಂಖ್ಯೆ. ಕಟ್ಟಕಡೆಗೆ, ಮೇಲಿನ ವಿವರಗಳೆಲ್ಲ ಸತ್ಯವೆಂಬ ಘೋಷಣೆ ಮತ್ತು ಸಹಿ.

ಇವರು ಬರೆಯಲು ಬಾರದವರಲ್ಲ. ಪ್ರತಿ ಬಾರಿ ಕೆಲಸ ಬದಲಿಸಿದಾಗಲೂ ಹಳೆಯ ಸಿವಿಯ ತಲೆಯ ಮೇಲೆ ಹೊಸದನ್ನು ಸೇರಿಸುತ್ತ ಬಂದಿದ್ದರು, ಕೆಳಗಿನದನ್ನು ಮುಟ್ಟಿರಲಿಲ್ಲ. ಹೀಗಾಗಿ ಇಪ್ಪತ್ತು ವರ್ಷದ ಹಿಂದೆ ಟ್ರೈನಿಯಾಗಿದ್ದಾಗ ಮಾಡಿದ ಗೋದಾಮು ಲೆಕ್ಕದ ಕೆಲಸವೂ ಈಗ ಏಳು ಮ್ಯಾನೇಜರುಗಳನ್ನು ನಡೆಸುವ ಕೆಲಸವೂ ಒಂದೇ ದನಿಯಲ್ಲಿ, ಒಂದೇ ಉದ್ದದಲ್ಲಿ ಕೂತಿದ್ದವು.

ಮೊದಲು ಅವರೇ ಮಾಡಿದ ಪ್ರಯತ್ನಗಳು

ನನ್ನ ಬಳಿ ಬರುವ ಮೊದಲೇ ಅವರು ಎರಡು ದಾರಿ ಹಿಡಿದು ನೋಡಿದ್ದರು. ಎರಡೂ ತುಂಬಾ ಜನ ಹಿಡಿಯುವ ದಾರಿಗಳೇ ಆದ್ದರಿಂದ ಅವು ಯಾಕೆ ಕೈಕೊಟ್ಟವು ಎಂದು ಹೇಳಬೇಕು.

ಒಂದು, ಅಕ್ಷರದ ಗಾತ್ರವನ್ನು 8ಕ್ಕೆ ಇಳಿಸಿ, ಅಂಚುಗಳನ್ನು ಒಂದು ಸೆಂಟಿಮೀಟರಿಗೆ ತಂದು, ಪುಟವನ್ನು ಎರಡು ಕಾಲಮ್ಮಾಗಿ ಸೀಳಿದ್ದರು. ಪುಟದ ಲೆಕ್ಕ ಬಹುಪಾಲು ಸರಿಹೋಗಿತ್ತು. ಆದರೆ ಆ ಕಡತವನ್ನು ನಾನು `.txt` ಆಗಿ ಉಳಿಸಿ ತೆರೆದಾಗ ಎಡಗಾಲಮ್ಮಿನ ಕೌಶಲಗಳು ಬಲಗಾಲಮ್ಮಿನ ಕೆಲಸದ ತಾರೀಕುಗಳ ನಡುವೆ ನುಗ್ಗಿದ್ದವು. ವರ್ಡ್ ಕಡತದ ಹೆಡರಿನಲ್ಲಿ ಹಾಕಿದ್ದ ಫೋನ್ ಸಂಖ್ಯೆ, ಇಮೇಲ್ ಕಾಣೆಯಾಗಿದ್ದವು. ದೊಡ್ಡ ಕಂಪನಿಗಳು ಅರ್ಜಿಗಳನ್ನು ತಂತ್ರಾಂಶದ ಮೂಲಕ ಪಡೆಯುತ್ತವೆ. ಅದು ಸಿವಿಯನ್ನು ಸಾದಾ ಪಠ್ಯವಾಗಿ ಓದಿ ಹೆಸರು, ಹುದ್ದೆ, ತಾರೀಕುಗಳನ್ನು ಬೇರ್ಪಡಿಸಿಟ್ಟುಕೊಳ್ಳುತ್ತದೆ. ಒಂದೊಂದು ತಂತ್ರಾಂಶ ಒಂದೊಂದು ರೀತಿ ಓದುವುದರಿಂದ `.txt` ಪರೀಕ್ಷೆ ಪಕ್ಕಾ ತೀರ್ಪಲ್ಲ. ಆದರೂ ಸಾದಾ ಪಠ್ಯದಲ್ಲೇ ಕಲಸಿಹೋಗುವ ಸಿವಿ ಅಲ್ಲಿಯೂ ಕಲಸಿಹೋಗುವ ಸಂಭವ ಹೆಚ್ಚು. ಇನ್ನು ಮನುಷ್ಯರ ಕಣ್ಣಿಗೆ 8ರ ಅಕ್ಷರ ಹೇಗಿರುತ್ತದೆಂದು ಹೇಳಬೇಕಿಲ್ಲ.

ಎರಡನೆಯದು ಇನ್ನೂ ನ್ಯಾಯವಾಗಿ ಕಾಣುವ ದಾರಿ: ಪ್ರತಿ ಕೆಲಸದಿಂದಲೂ ಅರ್ಧದಷ್ಟು ಪಾಯಿಂಟ್ ತೆಗೆಯುವುದು. 17 ಇದ್ದದ್ದು 8 ಆಯಿತು, 12 ಇದ್ದದ್ದು 6. ಓದಿದರೆ ಮೊದಲಿನಷ್ಟೇ ಸಪ್ಪೆ, ಜೊತೆಗೆ ಈಗ ಅರೆಬರೆ. ಎಲ್ಲದಕ್ಕೂ ಸಮಾನ ಕತ್ತರಿ ಹಾಕುವಾಗ ಯಾವುದು ಮುಖ್ಯ ಎಂಬ ಪ್ರಶ್ನೆಯೇ ಬರುವುದಿಲ್ಲ. ಅವರು ಉಳಿಸಿಕೊಂಡಿದ್ದ ಎಂಟರಲ್ಲಿ ಮೂರು ಪಾಯಿಂಟ್ ‘ಸಮನ್ವಯ’ದ ಬಗ್ಗೆಯೇ ಇದ್ದವು.

ಸಾಲುಗಳ ಲೆಕ್ಕ

ಪುಟ ಎಂಬ ಅಳತೆಯನ್ನು ಬಿಟ್ಟು ಸಾಲು ಎಣಿಸಲು ಕೂತೆವು. ಪುಟ ಎನ್ನುವುದು ಅಕ್ಷರದ ಗಾತ್ರದ ಜೊತೆ ಹಿಗ್ಗಿ ಕುಗ್ಗುತ್ತದೆ, ಸಾಲು ಅಷ್ಟಾಗಿ ಮೋಸ ಮಾಡುವುದಿಲ್ಲ. ಮೂಲ ಸಿವಿಯಲ್ಲಿ ಸುಮಾರು 240 ಸಾಲುಗಳಿದ್ದವು. 10.5ರ ಅಕ್ಷರ, ಎರಡು ಸೆಂಟಿಮೀಟರಿನ ಅಂಚು, ಉಸಿರಾಡುವಷ್ಟು ಅಂತರ ಇಟ್ಟರೆ ಒಂದು ಎ4 ಪುಟಕ್ಕೆ ಸುಮಾರು 50 ಸಾಲು ಹಿಡಿಯುತ್ತದೆ. ಅಂದರೆ ಎರಡು ಪುಟಕ್ಕೆ 100, ಖಾಲಿ ಸಾಲುಗಳೂ ಸೇರಿ. 140 ಸಾಲು ಹೋಗಬೇಕಿತ್ತು.

ಅನುಭವದ ಭಾಗಕ್ಕೆ ಕೈ ಹಚ್ಚದೆ ಉಳಿದದ್ದನ್ನು ಮೊದಲು ನೋಡಿದೆವು. ಅದೇ 83 ಸಾಲು ತಿನ್ನುತ್ತಿತ್ತು. ವೈಯಕ್ತಿಕ ವಿವರ, ಘೋಷಣೆ, ‘ರೆಫರೆನ್ಸ್’ ಕೊಡುವವರ ಹೆಸರುಗಳು ಪೂರ್ತಿ ಹೋದವು. ಬ್ರಿಟನ್ನಿನಲ್ಲಿ ಫೋಟೊ, ವಯಸ್ಸು, ಮದುವೆಯ ವಿವರ ಸಿವಿಯಲ್ಲಿ ಹಾಕುವ ಪದ್ಧತಿಯಿಲ್ಲ. ವಯಸ್ಸು, ವಿವಾಹ, ಧರ್ಮ, ಜನಾಂಗ ಮುಂತಾದವುಗಳ ಆಧಾರದ ಮೇಲೆ ಭೇದ ಮಾಡುವುದನ್ನು ಅಲ್ಲಿನ 2010ರ ಈಕ್ವಾಲಿಟಿ ಆ್ಯಕ್ಟ್ ತಡೆಯುತ್ತದೆ. ಹಾಗಾಗಿ ನೇಮಕಾತಿ ಮಾಡುವವರು ಆ ವಿವರಗಳು ಕಣ್ಣಿಗೆ ಬೀಳದಿದ್ದರೇ ಒಳ್ಳೆಯದೆಂದುಕೊಳ್ಳುತ್ತಾರೆ. ಪಾಸ್‌ಪೋರ್ಟ್ ಸಂಖ್ಯೆಯನ್ನಂತೂ ಯಾವ ದೇಶಕ್ಕೆ ಕಳಿಸುವ ಸಿವಿಯಲ್ಲೂ ಹಾಕಬಾರದು. ಅದು ಎಷ್ಟು ಇನ್‌ಬಾಕ್ಸುಗಳಲ್ಲಿ ಕೂರುತ್ತದೋ ಹೇಳಬರುವುದಿಲ್ಲ. ತರಬೇತಿಗಳ 20 ಸಾಲು ಮೂರಕ್ಕೆ ಇಳಿಯಿತು, ಪರೀಕ್ಷೆ ಬರೆದು ಪಡೆದ ಎರಡು ಪ್ರಮಾಣಪತ್ರ ಮತ್ತು ಒಂದು ನಿರ್ವಹಣಾ ಕೋರ್ಸ್ ಅಷ್ಟೇ. ಅಂಕಗಳ ಕೋಷ್ಟಕ ಹೋಗಿ ಎರಡು ಪದವಿ ಉಳಿದವು. ಎಲ್ಲ ಮುಗಿದ ಮೇಲೆ ಈ ಭಾಗಕ್ಕೆ 17 ಸಾಲು ಸಾಕಾಯಿತು.

ಅಲ್ಲಿಗೆ 66 ಸಾಲು ಹೋಗಿದ್ದವು. ಅವರಿಗೆ ಒಂದಿಷ್ಟೂ ನೋವಾಗಿರಲಿಲ್ಲ, ಸಹಿಯ ಜಾಗ ಹೋದಾಗ ಮಾತ್ರ ಸ್ವಲ್ಪ ಇರುಸುಮುರುಸು. ಇಷ್ಟು ಸುಲಭವೇ ಎಂದುಕೊಂಡರು. ಇನ್ನುಳಿದ 74 ಸಾಲು ಅನುಭವದ ಭಾಗದಿಂದಲೇ ಬರಬೇಕಿತ್ತು. ಅದು 157 ಸಾಲಿನಿಂದ 83ಕ್ಕೆ ಇಳಿಯಬೇಕಿತ್ತು. ನಿಜವಾದ ಕೆಲಸ ಶುರುವಾದದ್ದು ಇಲ್ಲಿಂದ.

ಜಾಗ ಹಂಚಿದ ರೀತಿ

ವಾಕ್ಯಗಳನ್ನು ಮುಟ್ಟುವ ಮೊದಲು ಯಾವ ಕೆಲಸಕ್ಕೆ ಎಷ್ಟು ಸಾಲು ಎಂದು ನಿಗದಿ ಮಾಡಿಕೊಂಡೆವು. ಈಗಿನ ಕೆಲಸ, ಏಳು ವರ್ಷ: 38 ಸಾಲು. ಅದಕ್ಕೂ ಹಿಂದಿನ ಆರು ವರ್ಷ: 24. ಈಗಿನದರಿಂದ ಹಿಂದಕ್ಕೆ ಎಣಿಸಿದರೆ ಮೂರನೆಯದಕ್ಕೆ 12. ಮೊದಲ ಕೆಲಸಕ್ಕೆ ನಾಲ್ಕೇ ನಾಲ್ಕು. ಉಳಿದದ್ದು ಅಂತರಕ್ಕೆ. ಹೀಗೆ ಹಂಚಿದಾಗ ಹೆಸರು, ಸಾರಾಂಶ, ಈಗಿನ ಕೆಲಸ ಇಷ್ಟೂ ಸರಿಯಾಗಿ ಮೊದಲ ಪುಟದಲ್ಲಿ ಮುಗಿಯುತ್ತಿದ್ದವು, ಹಿಂದಿನ ಕೆಲಸ ಎರಡನೆಯ ಪುಟದ ತಲೆಯಿಂದ ಆರಂಭವಾಗುತ್ತಿತ್ತು. ಇದು ಬೇಕೆಂದೇ ಮಾಡಿದ್ದು. ಮೊದಲ ಸುತ್ತಿನಲ್ಲಿ ರಾಶಿ ಅರ್ಜಿ ನೋಡುವವರು ಎರಡನೆಯ ಪುಟಕ್ಕೆ ಹೋಗುವರೆಂಬ ಖಾತ್ರಿಯಿಲ್ಲ. ಮೊದಲ ಪುಟವೊಂದೇ ಕೈಗೆ ಸಿಕ್ಕರೂ ಈ ಮನುಷ್ಯ ಯಾರೆಂದು ಗೊತ್ತಾಗಬೇಕು.

ಮೊದಲ ಕೆಲಸಕ್ಕೆ ನಾಲ್ಕು ಸಾಲು ಎಂದಾಗ ಅವರು ಒಪ್ಪಲಿಲ್ಲ. ಆ ಕಂಪನಿಯಲ್ಲಿ ವರ್ಷದ ಅತ್ಯುತ್ತಮ ನೌಕರನೆಂಬ ಪ್ರಶಸ್ತಿ ಸಿಕ್ಕಿತ್ತು.

“ಇದನ್ನೂ ತೆಗೆದರೆ ನಾನು ಕಟ್ಟಿಕೊಂಡು ಬಂದದ್ದು ಏನುಳೀತು ಹೇಳಿ?” ಎಂದರು.

“ಸರ್, ಆ ಪ್ರಶಸ್ತಿ ಕೊಟ್ಟದ್ದು ಯಾವ ಕೆಲಸಕ್ಕೆ?” ಎಂದು ಕೇಳಿದೆ.

ಗೋದಾಮಿನ ಭೌತಿಕ ಲೆಕ್ಕವನ್ನು ಪುಸ್ತಕದ ಲೆಕ್ಕಕ್ಕೆ ಹೊಂದಿಸಿದ್ದಕ್ಕೆ. ಈಗ ಅವರು ಕೇಳುತ್ತಿರುವ ಹುದ್ದೆಯವರ ಕೈಕೆಳಗಿನವರ ಕೈಕೆಳಗಿನವರು ಮಾಡುವ ಕೆಲಸ ಅದು. ಪ್ರಶಸ್ತಿ ಉಳಿಯಲಿ ಎಂಬುದಕ್ಕೆ ನನ್ನ ಅಡ್ಡಿಯಿರಲಿಲ್ಲ, ವಿವರಣೆ ಉಳಿಯುವುದಕ್ಕೆ ಅಡ್ಡಿಯಿತ್ತು. ಕೊನೆಗೆ ಹುದ್ದೆ, ಕಂಪನಿ, ವರ್ಷಗಳ ಸಾಲಿನ ಕೆಳಗೆ ಪ್ರಶಸ್ತಿಯ ಹೆಸರು ಮಾತ್ರ ಒಂದು ಸಾಲಾಗಿ ಉಳಿಯಿತು. ವರ್ಷಗಳನ್ನು ಬಿಡಲಿಲ್ಲ. ಹಿಂದಿನದನ್ನು ಪೂರ್ತಿ ಅಳಿಸಿದರೆ ಆ ನಾಲ್ಕು ವರ್ಷ ಏನು ಮಾಡುತ್ತಿದ್ದರೆಂಬ ಪ್ರಶ್ನೆ ಸುಮ್ಮನೆ ಎದ್ದು ಕೂರುತ್ತದೆ.

ಒಂದು ಪಾಯಿಂಟಿನ ಒಳಗೆ

ಈಗಿನ ಕೆಲಸದ 17 ಪಾಯಿಂಟುಗಳಲ್ಲಿ ಮೂರನೆಯದು ಹೀಗಿತ್ತು (ಇಂಗ್ಲಿಷಿನಲ್ಲಿದ್ದುದರ ಸಾರ): ‘ಎಲ್ಲ ಸ್ಥಳಗಳಲ್ಲಿನ ದಾಸ್ತಾನಿನ ಯೋಜನೆ, ಮೇಲ್ವಿಚಾರಣೆ ಹಾಗೂ ನಿಯಂತ್ರಣವನ್ನು ಮಾರಾಟ, ಉತ್ಪಾದನೆ, ಖರೀದಿ ವಿಭಾಗಗಳ ಸಮನ್ವಯದೊಂದಿಗೆ ನಿರ್ವಹಿಸಿ ಸುಗಮ ಕಾರ್ಯಾಚರಣೆ ಹಾಗೂ ವೆಚ್ಚ ಇಳಿಕೆಯ ಜವಾಬ್ದಾರಿ.’ ಮೂರು ಸಾಲು. ಅದರ ಜೊತೆಗೆ ಗೋದಾಮುಗಳ ಸಮನ್ವಯದ ಬಗ್ಗೆ ಒಂದು ಪಾಯಿಂಟ್, ಬೇಡಿಕೆ ಅಂದಾಜಿನ ಬಗ್ಗೆ ಇನ್ನೊಂದು, ಆಡಳಿತ ಮಂಡಳಿಗೆ ವರದಿ ಕೊಡುವುದರ ಬಗ್ಗೆ ಮತ್ತೊಂದು.

ಇದರಲ್ಲಿ ಯಾವ ಮಾತೂ ಸುಳ್ಳಲ್ಲ. ಆದರೆ ಇದೇ ವಾಕ್ಯವನ್ನು ಕೆಲಸ ಚೆನ್ನಾಗಿ ಮಾಡಿದವರೂ ಕೆಡಿಸಿದವರೂ ಸಮಾನವಾಗಿ ಬರೆದುಕೊಳ್ಳಬಹುದು. ಪಾಯಿಂಟ್ ಉಳಿಯಬೇಕೋ ಬೇಡವೋ ಎಂದು ನೋಡಲು ನಾನು ಬಳಸುವ ಮುಖ್ಯ ಅಳತೆಗೋಲು ಇದೇ.

ಎಷ್ಟು ಸ್ಥಳ ಎಂದು ಕೇಳಿದೆ. ನಾಲ್ಕು ಕಾರ್ಖಾನೆ, ಹನ್ನೊಂದು ಗೋದಾಮು. ದಾಸ್ತಾನು ಎಷ್ಟಿತ್ತು, ಎಷ್ಟಾಯಿತು? 62 ದಿನದ ಬೇಡಿಕೆಗೆ ಸಾಕಾಗುವಷ್ಟು ಮಾಲು ಇರುತ್ತಿತ್ತು, 18 ತಿಂಗಳಲ್ಲಿ 44 ದಿನಕ್ಕೆ ಬಂತು. ಹೇಗೆ? ಅಲ್ಲಿಯವರೆಗೆ ತಿಂಗಳಿಗೊಮ್ಮೆ ನಡೆಯುತ್ತಿದ್ದ ಬೇಡಿಕೆ ಸಭೆಯನ್ನು ವಾರಕ್ಕೊಮ್ಮೆ ಮಾಡಿದರು. ಬೇಡಿಕೆ ಹಠಾತ್ತನೆ ಏರಿದರೆ ಇರಲಿ ಎಂದು ಎಲ್ಲ ಮಾಲಿಗೂ ಒಂದೇ ಪ್ರಮಾಣದ ಸುರಕ್ಷತಾ ದಾಸ್ತಾನು ಇಡುತ್ತಿದ್ದುದನ್ನು ಬಿಟ್ಟು, ಬೇಡಿಕೆ ಎಷ್ಟು ಏರಿಳಿಯುತ್ತದೆ ಎಂಬುದರ ಮೇಲೆ ಮಾಲನ್ನು ವಿಂಗಡಿಸಿ ಬೇರೆಬೇರೆ ಲೆಕ್ಕ ಹಾಕಿಸಿದರು. ಕೊನೆಯ ಪ್ರಶ್ನೆ ಬಹಳ ಮುಖ್ಯವಾದದ್ದು: ದಾಸ್ತಾನು ಇಳಿಸಿದಾಗ ಗ್ರಾಹಕರಿಗೆ ಮಾಲು ತಡವಾಯಿತೇ? ದಾಸ್ತಾನು ಇಳಿಸುವುದು ಯಾರ ಕೈಯಲ್ಲಾದರೂ ಆಗುತ್ತದೆ, ಆರ್ಡರ್ ತಪ್ಪದಂತೆ ಇಳಿಸುವುದರಲ್ಲಿ ಜಾಣತನವಿದೆ. ಮೊದಲ ಮೂರು ತಿಂಗಳು ತುಸು ತೊಂದರೆಯಾಗಿತ್ತಂತೆ. ಆಮೇಲೆ ಸಮಯಕ್ಕೆ ಪೂರ್ತಿ ಮಾಲು ತಲುಪುವ ಪ್ರಮಾಣ ಶೇ 91ರಿಂದ 94ಕ್ಕೆ ಏರಿತ್ತು.

ಹೊಸ ಪಾಯಿಂಟ್ ಹೀಗಾಯಿತು: ‘ನಾಲ್ಕು ಕಾರ್ಖಾನೆ, ಹನ್ನೊಂದು ಗೋದಾಮುಗಳ ದಾಸ್ತಾನನ್ನು 18 ತಿಂಗಳಲ್ಲಿ 62ರಿಂದ 44 ದಿನಕ್ಕೆ ಇಳಿಸಿದೆ, ಸಕಾಲಿಕ ಪೂರೈಕೆ ಶೇ 91ರಿಂದ 94ಕ್ಕೆ ಏರಿತು. ಇದಕ್ಕಾಗಿ ವಾರದ ಬೇಡಿಕೆ ಸಭೆ ಆರಂಭಿಸಿ, ಸುರಕ್ಷತಾ ದಾಸ್ತಾನನ್ನು ಬೇಡಿಕೆಯ ಏರಿಳಿತಕ್ಕೆ ತಕ್ಕಂತೆ ಮರುನಿಗದಿ ಮಾಡಿಸಿದೆ.’ ಇದೂ ಮೂರು ಸಾಲೇ. ಆದರೆ ಇದು ಬಂದ ಮೇಲೆ ಗೋದಾಮು ಸಮನ್ವಯ, ಬೇಡಿಕೆ ಅಂದಾಜು, ವರದಿ ಮೂರೂ ಪಾಯಿಂಟುಗಳು ಅನಗತ್ಯವಾದವು, ಒಂದು ಮಾಡಿದ ಕೆಲಸದೊಳಗೆ ಆ ಹೊಣೆಗಳೆಲ್ಲ ತಾವಾಗಿಯೇ ಕಾಣುತ್ತಿದ್ದವು. ಹತ್ತು ಸಾಲಿನ ಜಾಗದಲ್ಲಿ ಮೂರು. ಇದೇ ಬಗೆಯಲ್ಲಿ 17 ಪಾಯಿಂಟುಗಳು ಒಂಬತ್ತಾದವು.

ಒಂದೆರಡು ಕಡೆ ಅಂಕಿ ಕೊಡಲು ಅವರು ಹಿಂಜರಿದರು, ಸರಿಯಾಗಿಯೇ. ಕಂಪನಿಯ ಒಳಗಿನ ಖರೀದಿ ದರ, ಲಾಭದ ಪ್ರಮಾಣ ಹೊರಗಿನವರಿಗೆ ಹೇಳುವಂಥದ್ದಲ್ಲ, ಅದನ್ನು ಧಾರಾಳವಾಗಿ ಬರೆದವರನ್ನು ನೋಡಿ ಓದುವವರೂ ನಾಳೆ ನಮ್ಮ ಗುಟ್ಟನ್ನೂ ಹೀಗೇ ಹಂಚಿಯಾರೆಂದುಕೊಳ್ಳುತ್ತಾರೆ. ಅಂಥಲ್ಲಿ ಮೊತ್ತದ ಬದಲು ದಿನ, ಶೇಕಡಾ, ಅನುಪಾತ ಬಳಸಿದೆವು. ಇದರಿಂದ ಇನ್ನೊಂದು ಅನುಕೂಲವೂ ಆಯಿತು. ಲಕ್ಷ, ಕೋಟಿಗಳ ಲೆಕ್ಕ ಹೊರದೇಶದ ಓದುಗನಿಗೆ ತಿಳಿಯುವುದಿಲ್ಲ. 44 ದಿನದ ದಾಸ್ತಾನು ಎಂದರೆ ಎಲ್ಲ ಕಡೆಯೂ ಒಂದೇ. ಮೊತ್ತ ಹೇಳಲೇಬೇಕಾದ ಒಂದು ಕಡೆ, ಅವರ ವಾರ್ಷಿಕ ಬಜೆಟ್ಟಿಗೆ, ಮಿಲಿಯನ್ ಪೌಂಡ್‌ಗೆ ಪರಿವರ್ತಿಸಿ ‘ಅಂದಾಜು’ ಎಂದು ಸೇರಿಸಿದೆವು.

ಕತ್ತರಿಸುವಾಗ ಸೇರಿಸಬೇಕಾಗಿ ಬಂದದ್ದು

ಈ ಪ್ರಕರಣದ ತಿರುವು ಬಂದದ್ದು ಕರಡು ಎರಡು ಪುಟಕ್ಕೆ ಇಳಿದ ಮೇಲೆ. ನಮ್ಮಿಬ್ಬರಿಗೂ ಅದು ಚೆನ್ನಾಗಿಯೇ ಕಂಡಿತ್ತು. ಬೇರೆ ವೃತ್ತಿಯ ಪರಿಚಿತರೊಬ್ಬರಿಗೆ ಕೊಟ್ಟು, ಅರ್ಧ ನಿಮಿಷ ನೋಡಲು ಬಿಟ್ಟು ಕಾಗದ ವಾಪಸ್ ತೆಗೆದುಕೊಂಡು, ಇವರು ಯಾರು, ಏನು ಮಾಡುತ್ತಾರೆ ಎಂದು ಕೇಳಿದೆ. “ಸ್ಟಾಕ್ ನೋಡಿಕೊಳ್ಳುವವರು ಇರಬೇಕು, ಲೆಕ್ಕದಲ್ಲಿ ಚುರುಕು” ಎಂದರು. ಏಳು ಮ್ಯಾನೇಜರುಗಳ ಮೇಲಿನವರೆಂದು ಅವರಿಗೆ ಗೊತ್ತಾಗಿರಲಿಲ್ಲ, ಕಂಪನಿ ದೊಡ್ಡದೋ ಚಿಕ್ಕದೋ ಅದೂ ಗೊತ್ತಾಗಿರಲಿಲ್ಲ.

ಇದಕ್ಕೆ ಕಾರಣ ಎರಡಿದ್ದವು. ಒಂದು, ಊರಲ್ಲಿ ಎಲ್ಲರಿಗೂ ಗೊತ್ತಿರುವ ಕಂಪನಿಯ ಹೆಸರು ಹೊರದೇಶದಲ್ಲಿ ಬರೀ ಹೆಸರು. ಇನ್ನೊಂದು, ಅವರ ಹುದ್ದೆ ‘ಸೀನಿಯರ್ ಡಿಜಿಎಂ’, ಅಂದರೆ ಸೀನಿಯರ್ ಡೆಪ್ಯುಟಿ ಜನರಲ್ ಮ್ಯಾನೇಜರ್. ಒಳಗಿನವರಿಗೆ ಅದರ ತೂಕ ಗೊತ್ತು. ಹೊರಗಿನವರಿಗೆ ‘ಡೆಪ್ಯುಟಿ’ ಎಂಬ ಮಾತು ಯಾರದೋ ಸಹಾಯಕ ಎಂದಷ್ಟೇ ಕೇಳಿಸುತ್ತದೆ.

ಹುದ್ದೆಯ ಹೆಸರನ್ನೇ ‘ಹೆಡ್’ ಎಂದು ಬದಲಿಸಿಬಿಡೋಣವೆ ಎಂದು ಅವರು ಕೇಳಿದರು. ಬೇಡವೆಂದೆ. ಹೊಸ ಕಂಪನಿ ಕೆಲಸ ಕೊಡುವ ಮುನ್ನ ಹಳೆಯ ಕಂಪನಿಯನ್ನು ಕೇಳುತ್ತದೆ. ಆಗ ಪತ್ರದಲ್ಲಿನ ಹುದ್ದೆಗೂ ಸಿವಿಯಲ್ಲಿನ ಹುದ್ದೆಗೂ ತಾಳೆಯಾಗದಿದ್ದರೆ ಕೈಗೆ ಬಂದದ್ದು ಬಾಯಿಗೆ ಬರುವುದಿಲ್ಲ. ಅಧಿಕೃತ ಹೆಸರನ್ನು ಹಾಗೆಯೇ ಇಟ್ಟು ಅದರ ಕೆಳಗೆ ಒಂದು ಸಾಲು ಸೇರಿಸಿದೆವು: ವ್ಯವಸ್ಥಾಪಕ ನಿರ್ದೇಶಕರಿಗೆ ನೇರವಾಗಿ ವರದಿ, ಕೈಕೆಳಗೆ ಏಳು ಮ್ಯಾನೇಜರುಗಳು, ಒಟ್ಟು 140 ಜನ. ಕಂಪನಿಯ ಹೆಸರಿನ ಮುಂದೆ ಇನ್ನೊಂದು ಸಾಲು: ಏನು ತಯಾರಿಸುತ್ತದೆ, ಎಷ್ಟು ಕಾರ್ಖಾನೆ, ಎಷ್ಟು ನೌಕರರು.

ಈ 140ರ ಬಗ್ಗೆಯೂ ಒಂದು ಮಾತುಕತೆ ನಡೆಯಿತು. ಹಳೆಯ ಸಿವಿಯಲ್ಲಿ 400 ಜನರ ತಂಡ ಎಂದಿತ್ತು. ಗುತ್ತಿಗೆದಾರರ ಮೂಲಕ ಬರುವ ಹಮಾಲಿಗಳು, ಚಾಲಕರೂ ಅದರಲ್ಲಿ ಸೇರಿದ್ದರು. ಅವರ ವೇತನ, ಹಾಜರಾತಿ, ನೇಮಕ ಯಾವುದೂ ಇವರ ಕೈಯಲ್ಲಿರಲಿಲ್ಲ. ಸಂದರ್ಶನದಲ್ಲಿ ‘ಇಷ್ಟು ಜನರಲ್ಲಿ ವರ್ಷದ ಮೌಲ್ಯಮಾಪನ ಯಾರದ್ದು ಮಾಡುತ್ತೀರಿ’ ಎಂದು ಕೇಳಿದರೆ ಲೆಕ್ಕ ಕುಸಿಯುತ್ತದೆ. ಹಾಗಾಗಿ 140ಕ್ಕೆ ನಿಂತೆವು.

ಸಾರಾಂಶದ ಐದು ಸಾಲನ್ನು ಬರೆದದ್ದು ಆಮೇಲೆಯೇ. ಮೊದಲು ಸಾರಾಂಶ ಬರೆದು ಆಮೇಲೆ ಕೆಳಗಿನದನ್ನು ಬರೆದರೆ ಅದು ‘ಆಬ್ಜೆಕ್ಟಿವ್’ನ ದಾಯಾದಿಯಾಗಿಬಿಡುತ್ತದೆ. ಕೆಳಗೆ ಪುರಾವೆ ಇರುವ ಮಾತುಗಳನ್ನಷ್ಟೇ ಮೇಲೆ ತಂದೆವು: ಎಷ್ಟು ವರ್ಷ, ಯಾವ ಉದ್ಯಮ, ಎಷ್ಟು ಕಾರ್ಖಾನೆ, ಎಷ್ಟು ಜನ, ದೊಡ್ಡ ಸಾಧನೆ ಒಂದು. ಪಾಯಿಂಟುಗಳ ಕ್ರಮವನ್ನೂ ಬದಲಿಸಿದೆವು. ತಂಡ ಕಟ್ಟಿದ ಪಾಯಿಂಟ್ ಮೊದಲಾಯಿತು, ದಾಸ್ತಾನು ಎರಡನೆಯದಕ್ಕೆ ಇಳಿಯಿತು. ಸೇರಿದ ಸಾಲುಗಳಿಗೆ ಜಾಗವನ್ನು ಎರಡನೆಯ ಕೆಲಸದಿಂದ ಕಿತ್ತುಕೊಳ್ಳಲಿಲ್ಲ, ಮೊದಲ ಪುಟದಲ್ಲೇ ಒಂದು ಪಾಯಿಂಟ್ ಬಿಟ್ಟೆವು. ಬಿಟ್ಟದ್ದು ಗುಣಮಟ್ಟ ಪ್ರಮಾಣೀಕರಣದ ತಪಾಸಣೆ. ಒಳ್ಳೆಯ ಕೆಲಸವೇ, ಆದರೆ ಈ ಹುದ್ದೆ ಕೇಳದ್ದು.

ಜಾಹೀರಾತಿನಲ್ಲಿ ಒತ್ತಿ ಕೇಳಿದ್ದು ಹಲವು ಘಟಕಗಳ ಯೋಜನೆ, ದೂರದ ಪೂರೈಕೆದಾರರಿಂದ ಆಮದು, ಬಜೆಟ್ಟಿನ ಹೊಣೆ, ಬದಲಾವಣೆಯ ಕಾಲದಲ್ಲಿ ತಂಡ ನಡೆಸಿದ ಅನುಭವ. ಈ ನಾಲ್ಕಕ್ಕೂ ಉತ್ತರ ಮೊದಲ ಪುಟದಲ್ಲಿ ಸಿಗುತ್ತದೆಯೇ ಎಂದು ಬೆರಳಿಟ್ಟು ನೋಡಿದೆವು. ಆಮದಿನ ಅನುಭವ ಎರಡನೆಯ ಪುಟದಲ್ಲಿತ್ತು. ಅದನ್ನು ಮುಂದಕ್ಕೆ ತರಲು ಬರುವುದಿಲ್ಲ, ಅದು ನಡೆದದ್ದು ಹಿಂದಿನ ಕಂಪನಿಯಲ್ಲಿ. ಸಾರಾಂಶದಲ್ಲಿ ಅರ್ಧ ವಾಕ್ಯವಾಗಿ ಅದನ್ನು ಹೇಳಿದೆವು.

ವೀಸಾದ ಸಾಲು

ವೀಸಾ ಬೇಕಾಗುತ್ತದೆಂದು ಸಿವಿಯಲ್ಲಿ ಹೇಳಬೇಕೋ ಬೇಡವೋ ಎಂಬುದರ ಬಗ್ಗೆ ಎರಡು ಅಭಿಪ್ರಾಯಗಳಿವೆ. ಹೇಳಿದರೆ ಮೊದಲೇ ಬದಿಗಿಡುತ್ತಾರೆ ಎಂಬ ಭಯ ಸುಳ್ಳಲ್ಲ. ಆದರೆ ಬ್ರಿಟನ್ನಿನ ಸ್ಕಿಲ್ಡ್ ವರ್ಕರ್ ವೀಸಾಕ್ಕೆ ಕಂಪನಿಯ ಬಳಿ ಪ್ರಾಯೋಜಕ ಪರವಾನಗಿ ಇರಬೇಕು, ಪರವಾನಗಿ ಇರುವ ಕಂಪನಿಗಳ ಪಟ್ಟಿಯನ್ನು ಅಲ್ಲಿನ ಸರ್ಕಾರವೇ ಪ್ರಕಟಿಸುತ್ತದೆ. ಅರ್ಜಿ ಹಾಕುವ ಮುನ್ನವೇ ನೋಡಿದೆವು, ಈ ಕಂಪನಿಯ ಹೆಸರು ಪಟ್ಟಿಯಲ್ಲಿತ್ತು. ಹೀಗಿರುವಾಗ ಮುಚ್ಚಿಡುವುದರಿಂದ ಲಾಭವಿಲ್ಲವೆಂದು ನನ್ನ ಅಭಿಪ್ರಾಯ. ಇಮೇಲ್, ಫೋನ್ ಇರುವ ಸಾಲಿನ ಕೆಳಗೆ ವೀಸಾ ಪ್ರಾಯೋಜನೆ ಬೇಕು, ನೋಟಿಸ್ ಅವಧಿ ಮೂರು ತಿಂಗಳು ಎಂದು ಚಿಕ್ಕದಾಗಿ ಬರೆದೆವು. ಅರ್ಜಿ ನಮೂನೆಯಲ್ಲೂ ಆ ಪ್ರಶ್ನೆ ಇದ್ದೇ ಇತ್ತು.

ಏನಾಯಿತು

ಫೋನ್ ಕರೆ ಬಂತು, ಎರಡು ಸುತ್ತಿನ ಸಂದರ್ಶನವೂ ನಡೆಯಿತು. ಮೊದಲ ಸುತ್ತಿನಲ್ಲಿ ಪ್ರಶ್ನೆಗಳೆಲ್ಲ ಮೊದಲ ಪುಟದ ಪಾಯಿಂಟುಗಳನ್ನು ಹಿಡಿದೇ ಬಂದವು. 62ರಿಂದ 44ಕ್ಕೆ ಇಳಿಸಿದ ಮೊದಲ ಮೂರು ತಿಂಗಳ ತೊಂದರೆಯನ್ನೂ ಕೇಳಿದರಂತೆ, ಅದನ್ನು ನಾವು ಮೊದಲೇ ಮಾತಾಡಿಕೊಂಡಿದ್ದರಿಂದ ಉತ್ತರ ಸಿದ್ಧವಿತ್ತು. ಪಾಯಿಂಟ್ ಬರೆಯುವಾಗ ಕೇಳಿಕೊಳ್ಳುವ ಪ್ರಶ್ನೆಗಳೇ ಸಂದರ್ಶನದ ತಯಾರಿಯೂ ಆಗಿಬಿಡುತ್ತವೆ.

ಎರಡನೆಯ ಸುತ್ತಿನಲ್ಲಿ ಮಾತ್ರ ನಿರೀಕ್ಷಿಸದ ಪ್ರಶ್ನೆ ಬಂತು: ಇಆರ್‌ಪಿ, ಅಂದರೆ ಕಂಪನಿಯ ಖರೀದಿ, ದಾಸ್ತಾನು, ಲೆಕ್ಕಪತ್ರಗಳನ್ನೆಲ್ಲ ಒಂದೆಡೆ ನಡೆಸುವ ತಂತ್ರಾಂಶ ವ್ಯವಸ್ಥೆ, ಬದಲಾಗುವಾಗ ನೀವು ಜೊತೆಗಿದ್ದಿರಾ? ಕಂಪನಿ ಆ ವರ್ಷ ಹೊಸ ವ್ಯವಸ್ಥೆಗೆ ಹೋಗುವುದರಲ್ಲಿತ್ತು, ಜಾಹೀರಾತಿನಲ್ಲಿ ಅದರ ಸುಳಿವಿರಲಿಲ್ಲ. ಇವರ ಮೂರನೆಯ ಕೆಲಸದಲ್ಲಿ ಅಂಥದೊಂದು ದೊಡ್ಡ ಬದಲಾವಣೆ ನಡೆದಿತ್ತು, ಹಳೆಯ ಸಿವಿಯಲ್ಲಿ ಅದಕ್ಕೆ ಒಂಬತ್ತು ಸಾಲಿತ್ತು, ಹೊಸದರಲ್ಲಿ ಒಂದು. ಅವರು ವಿವರವಾಗಿ ಉತ್ತರ ಕೊಟ್ಟರು. ಕೊಡಲು ಸಾಧ್ಯವಾದದ್ದು ನಾಲ್ಕು ಪುಟದ ಹಳೆಯ ಕಡತವನ್ನು ಅಳಿಸದೆ ‘ಮೂಲಪ್ರತಿ’ ಎಂದು ಇಟ್ಟುಕೊಂಡು ಸಂದರ್ಶನದ ಹಿಂದಿನ ದಿನ ಓದಿಕೊಂಡಿದ್ದರಿಂದ. ಕತ್ತರಿಸಿದ್ದನ್ನು ಎಸೆಯಬೇಕಿಲ್ಲ, ಕಳಿಸಬಾರದು ಅಷ್ಟೇ. ಒಂದು ಸಾಲನ್ನಾದರೂ ಉಳಿಸಿದ್ದು ಒಳ್ಳೆಯದಾಯಿತು, ಆ ಪ್ರಶ್ನೆ ಹುಟ್ಟಿದ್ದೇ ಅದರಿಂದ. ಪೂರ್ತಿ ತೆಗೆದಿದ್ದರೆ ಅದನ್ನು ಕೇಳಬೇಕೆಂದು ಅವರಿಗೆ ತೋಚುತ್ತಲೂ ಇರಲಿಲ್ಲವೇನೊ.

ಕೆಲಸ ಮಾತ್ರ ಸಿಗಲಿಲ್ಲ. ಒಂದೇ ತಿಂಗಳಲ್ಲಿ ಬಂದು ಸೇರಬಲ್ಲ ಇನ್ನೊಬ್ಬರನ್ನು ತೆಗೆದುಕೊಂಡರು. ಮೂರು ತಿಂಗಳ ನೋಟಿಸ್ ಅವಧಿಗೆ ಸಿವಿ ಏನೂ ಮಾಡಲಾರದು.

ಇದೇ ಕ್ರಮವನ್ನು ಬೇರೆ ದೇಶಕ್ಕೆ ಹಾಗೆಯೇ ಒಯ್ಯಬಾರದೆಂದೂ ಇಲ್ಲಿ ಹೇಳಬೇಕು. ಆಸ್ಟ್ರೇಲಿಯಾದಲ್ಲಿ ಹಿರಿಯ ಹುದ್ದೆಗೆ ಮೂರು, ನಾಲ್ಕು ಪುಟವಿದ್ದರೂ ಯಾರೂ ಹುಬ್ಬೇರಿಸುವುದಿಲ್ಲ, ಅಲ್ಲಿಗೆ ಎರಡು ಪುಟಕ್ಕಾಗಿ ಇಷ್ಟು ಒದ್ದಾಡಬೇಕಿಲ್ಲ. ವಿಶ್ವವಿದ್ಯಾಲಯದ ಹುದ್ದೆಗಳಲ್ಲಿ ಪ್ರಕಟಣೆಗಳ ಪಟ್ಟಿಯೇ ಪುಟಗಟ್ಟಲೆ ಇರಬೇಕಾಗುತ್ತದೆ. ಅಮೆರಿಕಕ್ಕೆ ಕಳಿಸುವಾಗ ಕಾಗದದ ಗಾತ್ರವೇ ಬೇರೆ. ಅಲ್ಲಿನ ‘ಲೆಟರ್’ ಕಾಗದ ಎ4ಗಿಂತ ಸುಮಾರು 18 ಮಿಲಿಮೀಟರ್ ಗಿಡ್ಡ, ತುದಿಯವರೆಗೆ ತುಂಬಿದ ಎರಡು ಪುಟ ಅಲ್ಲಿ ಮೂರನೆಯದಕ್ಕೆ ಚೆಲ್ಲುತ್ತದೆ.

ಎರಡನೆಯ ಅರ್ಜಿ ಬ್ರಿಟನ್ನಿನ ಇನ್ನೊಂದು ಕಂಪನಿಗೆ ಹೋಯಿತು. ಅಲ್ಲಿ ಇಆರ್‌ಪಿ ಬದಲಾವಣೆ ಜಾಹೀರಾತಿನಲ್ಲೇ ಇತ್ತು. ಮೂರನೆಯ ಕೆಲಸದಲ್ಲಿ ಒಂದು ಸಾಲಾಗಿದ್ದದ್ದನ್ನು ನಾಲ್ಕಕ್ಕೆ ಹಿಗ್ಗಿಸಿದೆವು: ಎಷ್ಟು ಘಟಕ, ಬದಲಾವಣೆಯ ವಾರ ರವಾನೆ ಎಷ್ಟು ನಿಂತಿತು, ಹಳೆಯ ದತ್ತಾಂಶದ ದೋಷಗಳನ್ನು ಯಾರು ಹೇಗೆ ತಿದ್ದಿದರು. ಆ ಮೂರು ಸಾಲಿಗಾಗಿ ಎರಡನೆಯ ಕೆಲಸದ ಆಮದಿನ ಪಾಯಿಂಟ್ ಕುಗ್ಗಿತು, ಈ ಕಂಪನಿಯ ಪೂರೈಕೆದಾರರೆಲ್ಲ ಹತ್ತಿರದವರೇ. ಸಾರಾಂಶದ ಅರ್ಧ ವಾಕ್ಯವೂ ಬದಲಾಯಿತು. ಮೊದಲ ಪುಟದ ಉಳಿದದ್ದನ್ನು ಮುಟ್ಟಲಿಲ್ಲ. ಆ ಬದಲಾವಣೆಗೆ ಒಂದು ಸಂಜೆ ಸಾಕಾಯಿತು, ಸಂದರ್ಶನದ ಕರೆ ಅಲ್ಲಿಂದಲೂ ಬಂತು, ಈ ಬಾರಿ ಮೊದಲ ಪ್ರಶ್ನೆಯೇ ಆ ನಾಲ್ಕು ಸಾಲಿನ ಮೇಲಿತ್ತು.